ಜೆ.ಆರ್.ಎಫ್. ಮೊತ್ತ ಪ್ರತಿವರ್ಷ ಹೆಚ್ಚುತ್ತದೆಯೇ?

ಪ್ರಶ್ನೆ: ಪಿಎಚ್.ಡಿ.ಗೆ ಯು.ಜಿ.ಸಿ.ಯ ಕಿರಿಯ ಸಂಶೋಧನಾ ಫೆಲೋಶಿಪ್ ಆದ ಜೆ.ಆರ್.ಎಫ್. ಸಿಕ್ಕಿದೆ. ಪ್ರತಿವರ್ಷ ಇನ್‌ಕ್ರಿಮೆಂಟ್ ಇದೆಯೇ? ಕೈಗೆ ಎಷ್ಟು ಬರುತ್ತದೆ, ಏನೇನು ಕಡಿತವಾಗುತ್ತದೆ?

ಉತ್ತರ: ವಾರ್ಷಿಕ ಬಡ್ತಿಯೂ ತುಟ್ಟಿಭತ್ಯೆಯೂ ಇಲ್ಲ. 2023ರ ಜನವರಿ 1ರಿಂದ ಜೆ.ಆರ್.ಎಫ್. ಮೊತ್ತ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ನಂತರ, ಹೊರಗಿನ ತಜ್ಞರೂ ಇರುವ ಸಮಿತಿಯು ನಿಮ್ಮ ಕೆಲಸವನ್ನು ಪರಿಶೀಲಿಸಿ ಒಪ್ಪಿದರೆ ಮಾತ್ರ ಅದು ಹಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಎಸ್.ಆರ್.ಎಫ್. ಆಗಿ 42,000ಕ್ಕೆ ಏರುತ್ತದೆ. ಆದ್ದರಿಂದ ಎರಡನೆಯ ವರ್ಷ ಮುಗಿಯುವ ಮೊದಲೇ ಆ ಸಭೆಯನ್ನು ಗೊತ್ತುಪಡಿಸುವಂತೆ ಮಾರ್ಗದರ್ಶಕರನ್ನು ಕೇಳಿಕೊಳ್ಳಿ.

ಮನೆಬಾಡಿಗೆ ಭತ್ಯೆಯು ನಗರದ ವರ್ಗವನ್ನು ಅವಲಂಬಿಸಿದೆ. ದೊಡ್ಡ ನಗರಗಳ ಎಕ್ಸ್ ವರ್ಗಕ್ಕೆ ಸೇರಿದ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಶೇ 30ರ ದರದಲ್ಲಿ 11,100 ಸೇರಿ 48,100 ರೂಪಾಯಿ ಆಗುತ್ತದೆ. ಸಂಸ್ಥೆಯ ಹಾಸ್ಟೆಲ್‌ನಲ್ಲಿ ಕೊಠಡಿ ಪಡೆದವರಿಗೆ ಈ ಭತ್ಯೆ ಸಿಗುವುದಿಲ್ಲ. ಪುಸ್ತಕ, ಕ್ಷೇತ್ರಕಾರ್ಯಗಳಿಗೆಂದು ಮಾನವಿಕ ವಿಷಯಗಳಲ್ಲಿ ಮೊದಲ ಎರಡು ವರ್ಷ 10,000, ಮುಂದೆ 20,500 ರೂಪಾಯಿ ವಾರ್ಷಿಕ ಸಾದಿಲ್ವಾರು ಅನುದಾನವಿದೆ. ಇದನ್ನು ಬಿಲ್ಲು ಸಲ್ಲಿಸಿಯೇ ಪಡೆಯಬೇಕು.

ಇದು ಸಂಬಳವಲ್ಲದ ಕಾರಣ ಭವಿಷ್ಯನಿಧಿ ಕಡಿತವಿಲ್ಲ. ವಿದ್ಯಾರ್ಥಿವೇತನವೆಂದು ಆದಾಯ ತೆರಿಗೆ ವಿನಾಯಿತಿ ಕೇಳುವುದು ರೂಢಿಯಲ್ಲಿದೆ. ವಿಶ್ವವಿದ್ಯಾಲಯದ ಶುಲ್ಕ ಮತ್ತು ಮೆಸ್ ಖರ್ಚನ್ನು ಮಾತ್ರ ನೀವೇ ಭರಿಸಬೇಕು. ಸಂಸ್ಥೆಯು ಪ್ರತಿ ತಿಂಗಳು ಫೆಲೋಶಿಪ್ ಪೋರ್ಟಲ್‌ನಲ್ಲಿ ನಿಮ್ಮ ಹಾಜರಿಯನ್ನು ದೃಢೀಕರಿಸದಿದ್ದರೆ ಹಣ ಬರುವುದು ತಡವಾಗುತ್ತದೆ; ಹಣ ನಿಂತಾಗ ಮೊದಲು ವಿಚಾರಿಸಬೇಕಾದುದು ಇದನ್ನೇ.