ಇಪ್ಪತ್ತನೇ ತಾರೀಖಿಗೇ ಖಾಲಿಯಾಗುತ್ತಿದ್ದ ಸಂಬಳ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಮಂಜುಗೆ 23 ವರ್ಷ. ಬೆಂಗಳೂರಿನಲ್ಲಿ ಮೊದಲ ಕೆಲಸ, ಕೈಗೆ ಬರುವುದು 26,000 ರೂಪಾಯಿ. ಊಟ ಸೇರಿ ಪಿಜಿಗೆ 8,500, ಊರಿಗೆ 6,000. ಉಳಿದ 11,500 ಇಪ್ಪತ್ತನೇ ತಾರೀಖಿಗೆ ಮುಗಿದಿರುತ್ತಿತ್ತು. "ಮೇಡಂ, ನಾನು ದುಂದು ಮಾಡೋನಲ್ಲ. ಆದ್ರೂ ದುಡ್ಡು ಎಲ್ಲಿ ಹೋಗುತ್ತೆ ಅಂತ ಗೊತ್ತಾಗ್ತಿಲ್ಲ" ಎಂದು ಸಲಹೆ ಕೇಳಲು ನನ್ನ ಬಳಿ ಬಂದ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ಹೇಳಿಕೊಳ್ಳಲು ನಾಚಿಕೆ.

ಕ್ರೆಡಿಟ್ ಕಾರ್ಡಿನ ಬಿಲ್ ತರಲು ಹೇಳಿದೆ. ಫೋನ್ ಕೊಂಡ 18,000 ಬಾಕಿ ಇತ್ತು. ಪ್ರತಿ ತಿಂಗಳು "ಮಿನಿಮಮ್ ಡ್ಯೂ" ಎಂದು ಬ್ಯಾಂಕ್ ಕೇಳುವ ಕನಿಷ್ಠ ಮೊತ್ತ 900 ತಪ್ಪದೆ ಕಟ್ಟುತ್ತಿದ್ದ, ಹಾಗಾಗಿ ಸಾಲ ತೀರುತ್ತಿದೆ ಎಂದೇ ನಂಬಿದ್ದ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅವನ ಕಾರ್ಡಿಗೆ ತಿಂಗಳಿಗೆ 3.5% ಬಡ್ಡಿ, ಅಂದರೆ 630. ಅದರ ಮೇಲೆ 18% ಜಿಎಸ್‌ಟಿ, ಸುಮಾರು 113. ಕಟ್ಟಿದ 900ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 157 ರೂಪಾಯಿ ಮಾತ್ರ! ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಮತ್ತೇನಾದರೂ ಕೊಂಡರೆ, ಅದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಮಂಜು ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕೂತ.

ಸ್ನೇಹಿತರ ಮಾತು ಕೇಳಿ, ಮ್ಯೂಚುವಲ್ ಫಂಡಿಗೆ ತಿಂಗಳಿಗಿಷ್ಟು ಎಂದು ಹಾಕುವ ಎಸ್‌ಐಪಿ ಶುರು ಮಾಡಬೇಕೆಂದಿದ್ದ. ಸದ್ಯಕ್ಕೆ ಬೇಡ ಎಂದೆ. ವರ್ಷಕ್ಕೆ 40%ಗಿಂತ ಜಾಸ್ತಿ ಬಡ್ಡಿಯ ಸಾಲ ಇಟ್ಟುಕೊಂಡು ಹೂಡಿಕೆ ಮಾಡಿದರೆ ನಷ್ಟವೇ ಅಲ್ವಾ? ಕಾರ್ಡನ್ನು ಬೀರುವಿನಲ್ಲಿಟ್ಟು ತಿಂಗಳಿಗೆ 4,000 ಕಟ್ಟುವುದು, ತುರ್ತಿಗೆಂದು ಬ್ಯಾಂಕಿನಲ್ಲಿ ತಿಂಗಳಿಗೆ 1,000ದ ಆರ್‌ಡಿ ಮಾಡುವುದು ಎಂದು ತೀರ್ಮಾನವಾಯಿತು. ಸಂಬಳ ಒಂದನೇ ತಾರೀಖಿಗೆ ಬಂದರೂ ಆರ್‌ಡಿ ಕಡಿತವನ್ನು ಐದಕ್ಕೆ ಇಡಿಸಿದೆ. ಸಂಬಳ ಎರಡು ದಿನ ತಡವಾದರೂ ಕಂತು ತಪ್ಪಬಾರದು.

ಇನ್ನು ಉಳಿಯುವುದು 6,500. ಇಲ್ಲಿ ನನ್ನ ಮುಖ್ಯ ಸಲಹೆ ಒಂದೇ: ಸಂಬಳದ ಖಾತೆಯನ್ನು ಯುಪಿಐ ಆ್ಯಪಿನಿಂದ ತೆಗೆಯಬೇಕು. ಕಾಲೇಜಿನ ಕಾಲದ ಹಳೆ ಖಾತೆಯೊಂದು ಅವನಲ್ಲಿತ್ತು. ಅದನ್ನಷ್ಟೇ ಆ್ಯಪಿಗೆ ಜೋಡಿಸಿ, ಪ್ರತಿ ಸೋಮವಾರ ಅದಕ್ಕೆ 1,500 ಹಾಕಿಕೊಳ್ಳಲು ಹೇಳಿದೆ. ಟೀ, ಆಟೋ, ರಾತ್ರಿ ತರಿಸುವ ಬಿರಿಯಾನಿ ಎಲ್ಲ ಅದರಲ್ಲೇ. ಪ್ರತಿ ಖರ್ಚನ್ನೂ ಬರೆದಿಡು ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೆಚ್ಚಿನವರು ಹತ್ತು ದಿನದಲ್ಲಿ ಬಿಟ್ಟುಬಿಡುತ್ತಾರೆ. ಗುರುವಾರ ಖಾತೆಯಲ್ಲಿ 200 ಉಳಿದಿದೆ ಎಂದು ಕಂಡರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಎರಡನೇ ತಿಂಗಳು ತಪ್ಪಿತು. ಒಂದೇ ವಾರ ಎರಡು ಮದುವೆ, ಮುಯ್ಯಿಗೆ ಆರ್‌ಡಿ ಮುರಿದ. ಬಂದು ತಲೆ ತಗ್ಗಿಸಿ ಕೂತ. ತಪ್ಪು ಅವನದಲ್ಲ, ನಮ್ಮ ಲೆಕ್ಕದಲ್ಲೇ ಮುಯ್ಯಿ ಇರಲಿಲ್ಲ. ನಾಲ್ಕು ವಾರಕ್ಕೆ 6,000 ಹೋಗಿ ಉಳಿಯುವ 500 ಅನ್ನು ಮುಯ್ಯಿ, ಹಬ್ಬದ ಬಟ್ಟೆ, ಊರಿಗೆ ಹೋಗುವ ಬಸ್ಸಿಗೆಂದು ಬೇರೆ ಇಟ್ಟೆವು. ಆರ್‌ಡಿ ಮತ್ತೆ ಶುರು ಮಾಡಿದ.

ಆರನೇ ತಿಂಗಳಲ್ಲಿ ಕಾರ್ಡಿನ ಬಾಕಿ ಮುನ್ನೂರು ಚಿಲ್ಲರೆಗೆ ಇಳಿದಿತ್ತು. ಅದನ್ನು ನನ್ನೆದುರೇ ಕಟ್ಟಿದ. ಮುಂದಿನ ತಿಂಗಳಿಂದ ಆ 4,000ವೂ ಆರ್‌ಡಿಗೇ ಹೋಗುತ್ತಿದೆ, ಅದೇ ಐದನೇ ತಾರೀಖಿಗೆ.