ಸಿರಿಂಜಿನವರೆಗೆ ಬಂದ ಪೊಟ್ಯಾಸಿಯಂ

ವಾರ್ಡ್‌ನಲ್ಲಿ ತಪ್ಪು ಔಷಧಿ ಕೊಡೋದ್ರಲ್ಲಿದ್ದೆ, ಕೊನೇ ಗಳಿಗೆಲಿ ಗೊತ್ತಾಯ್ತು. ರೋಗಿಗೆ ಏನೂ ಆಗಿಲ್ಲ. ಯಾರನ್ನೂ ದೂರದೆ ಇದನ್ನ ರಿಪೋರ್ಟ್‌ನಲ್ಲಿ ಹೇಗೆ ಬರೆಯೋದು?

ನಾನು ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಿಮ್ಮ ಪ್ರಶ್ನೆಗೆ ಉತ್ತರವಾಗಿ ನನ್ನ ಕೈಯಿಂದಲೇ ಆಗುತ್ತಿದ್ದ ಒಂದು ತಪ್ಪನ್ನು ಹೇಳುತ್ತೇನೆ.

ರಾತ್ರಿ ಎರಡರ ಸುಮಾರು. ಒಬ್ಬ ಅಜ್ಜನಿಗೆ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಕೊಡಬೇಕಿತ್ತು. ಪುಡಿ ಕರಗಿಸಲು ಟ್ರೇಯಿಂದ 10 ಎಂ.ಎಲ್. ಸ್ಟೆರೈಲ್ ವಾಟರ್ ತೆಗೆದುಕೊಂಡೆ, ಅಂದರೆ ಹಾಗಂದುಕೊಂಡೆ. ವಯಲ್‌ಗೆ ಬೆರೆಸಿ ಸಿರಿಂಜಿಗೆ ಎಳೆದೂ ಆಗಿತ್ತು. ಇಂಜೆಕ್ಷನ್ ಕೊಟ್ಟು ಮುಗಿಯುವವರೆಗೂ ಖಾಲಿ ಆಂಪೂಲ್ ಬಿಸಾಡದಿರುವುದು ನನ್ನ ಹಳೇ ರೂಢಿ. ಮಂಚದ ಹತ್ತಿರ ಹೋಗಿ ಅದನ್ನು ಓದಿದೆ. ಪೊಟ್ಯಾಸಿಯಂ ಕ್ಲೋರೈಡ್! ಅದೇ ಅಳತೆ, ಅದೇ ಪಾರದರ್ಶಕ ಪ್ಲಾಸ್ಟಿಕ್, ಒಳಗೆ ನೀರಿನಂಥದ್ದೇ ದ್ರವ. ಸಲೈನ್ ಬಾಟಲಿಯಲ್ಲಿ ಬೆರೆಸಿ ಗಂಟೆಗಟ್ಟಲೆ ಹನಿಹನಿಯಾಗಿ ಕೊಡುವ ಔಷಧಿ ಅದು. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯವೇ ನಿಂತುಹೋಗಬಹುದು.

ಬೆಳಗ್ಗೆ ರಿಪೋರ್ಟ್‌ನಲ್ಲಿ ‘ನನ್ನ ಅಜಾಗರೂಕತೆಯಿಂದ’ ಎಂದು ಶುರುಮಾಡಿದ್ದೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಆ ಮಾತಿಗೆ ಗೆರೆ ಎಳೆದರು. “ಇದನ್ನ ಓದಿದ್ರ ನನಗೇನ್ ತಿಳೀತದವಾ? ನೀರಿನ ಟ್ರೇದಾಗ ಅದು ಹೆಂಗ ಬಂತು, ಅದನ್ನ ಬರಿ.”

ಹುಡುಕಿದಾಗ ಸಿಕ್ಕಿದ್ದಿಷ್ಟು. ಸಂಜೆ ಪೊಟ್ಯಾಸಿಯಂ ಕಡಿಮೆಯಿದ್ದ ಒಬ್ಬರಿಗೆ ಎರಡು ಆಂಪೂಲ್ ತರಿಸಿದ್ದರು. ಆಮೇಲೆ ಡಾಕ್ಟರ್ ಒಂದೇ ಸಾಕು ಎಂದರು. ಉಳಿದದ್ದನ್ನು ಇಡಲು ವಾರ್ಡ್‌ನಲ್ಲಿ ಗೊತ್ತಾದ ಜಾಗವೇ ಇರಲಿಲ್ಲ, ಹತ್ತಿರದ ಟ್ರೇಗೆ ಸೇರಿತು. ಟ್ರೇ ಮೇಲಿನ ಟ್ಯೂಬ್‌ಲೈಟ್ ಹೋಗಿ ಬಹಳ ದಿನವಾಗಿತ್ತು. ಯಾರು ಹಾಕಿದರು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದು ಹೆಸರು ಸಿಗುತ್ತಿತ್ತು, ಟ್ರೇ ಹಾಗೇ ಇರುತ್ತಿತ್ತು.

ಕೊನೆಗೆ ಬರೆದದ್ದು ಹೀಗೆ: ‘ಸೆಫ್ಟ್ರಿಯಾಕ್ಸೋನ್ ಕರಗಿಸಲು ಸ್ಟೆರೈಲ್ ವಾಟರ್ ಬದಲು ಪೊಟ್ಯಾಸಿಯಂ ಕ್ಲೋರೈಡ್ 10 ಎಂ.ಎಲ್. ಬಳಸಲಾಯಿತು. ಎಳೆಯುವ ಮೊದಲು ಲೇಬಲ್ ಓದಿರಲಿಲ್ಲ. ಕೊಡುವ ಮುನ್ನ ಖಾಲಿ ಆಂಪೂಲ್ ಓದಿದಾಗ ಗೊತ್ತಾಯಿತು. ರೋಗಿಗೆ ಕೊಟ್ಟಿಲ್ಲ. ಎರಡೂ ಆಂಪೂಲ್ ಒಂದೇ ಟ್ರೇಯಲ್ಲಿದ್ದವು, ನೋಡಲು ಒಂದೇ ಥರ. ಟ್ರೇ ಮೇಲೆ ಬೆಳಕಿಲ್ಲ. ಉಳಿದ ಆಂಪೂಲ್ ಹಿಂತಿರುಗಿಸುವ ಪದ್ಧತಿಯಿಲ್ಲ.’ ಜೊತೆಗೆ ಎರಡೂ ಆಂಪೂಲ್ ಅಕ್ಕಪಕ್ಕ ಇಟ್ಟು ತೆಗೆದ ಫೋಟೊ. ನನ್ನನ್ನು ಬೈದುಕೊಂಡಿಲ್ಲ, ಹಾಗಂತ ನನ್ನ ಕೈ ಮಾಡಿದ್ದನ್ನು ಮುಚ್ಚಿಟ್ಟೂ ಇಲ್ಲ. ಎಳೆಯುವ ಮೊದಲು ಲೇಬಲ್ ಓದಿರಲಿಲ್ಲ ಎಂಬುದೂ ಅದರಲ್ಲಿತ್ತು.

ಈಗ ಪೊಟ್ಯಾಸಿಯಂ ನಮ್ಮಲ್ಲಿ ಕೆಂಪು ಚೀಟಿ ಅಂಟಿಸಿದ, ಬೀಗವಿರುವ ಬೇರೆ ಡಬ್ಬಿಯಲ್ಲಿರುತ್ತದೆ. ಬೆರೆಸುವಾಗ ಇಬ್ಬರು ಓದಬೇಕು. ರಾತ್ರಿ ಪಾಳಿಯಲ್ಲಿ ಎರಡನೆಯವರು ಸಿಗುವುದೇ ಕಷ್ಟ, ಅದನ್ನೂ ಮುಂದಿನ ರಿಪೋರ್ಟ್‌ನಲ್ಲಿ ಬರೆದಿದ್ದೇನೆ.

ಒಂದು ಮಾತ್ರ ನೋಡಿಕೊಳ್ಳಿ. ಒಂದು ಎಂ.ಎಲ್. ಒಳಗೆ ಹೋಗಿದ್ದರೂ ಅದು ‘ತಪ್ಪಿಹೋದ ತಪ್ಪು’ ಅಲ್ಲ. ಆಗ ಮೊದಲು ಡಾಕ್ಟರ್‌ಗೆ ಹೇಳಿ ರೋಗಿಯನ್ನು ಮಾನಿಟರ್‌ಗೆ ಹಾಕಬೇಕು, ಕಾಗದ ಆಮೇಲೆ.