ಎಲ್‌ಒಡಿ ಬದಲಾಗೋದು ಕಣ್ಣಿಗೆ ಕಾಣದಂತೆ ದೂರ ಆರಿಸೋದು ಹೇಗೆ?

ಪ್ರಶ್ನೆ: ಓಪನ್ ವರ್ಲ್ಡ್‌ನಲ್ಲಿ ನಡೆಯುವಾಗ ಬಂಡೆಗಳು ಪಟಕ್ಕನೆ ಆಕಾರ ಬದಲಿಸುತ್ತವೆ. ಎಷ್ಟು ಮೀಟರ್‌ಗೆ ಎಲ್‌ಒಡಿ ಬದಲಿಸಬೇಕು?

ಉತ್ತರ: ಎಲ್ಲ ಮಾಡೆಲ್‌ಗಳಿಗೂ ಒಂದೇ ದೂರ ಕೊಡಬೇಡಿ. ಸರಳಗೊಳಿಸಿದ ಮೆಶ್ ಮೂಲ ಮೆಶ್‌ನಿಂದ ಅತಿ ಹೆಚ್ಚೆಂದರೆ ಎಷ್ಟು ಸರಿದಿದೆ ಅನ್ನೋದನ್ನು ಮೀಟರ್‌ನಲ್ಲಿ ತಗೊಳ್ಳಿ. ಆ ವ್ಯತ್ಯಾಸ ಪರದೆಯಲ್ಲಿ 1 ಪಿಕ್ಸೆಲ್‌ಗೆ ಇಳಿಯುವ ದೂರವೇ ನಿಮಗೆ ಬೇಕಾದ್ದು.

```
d = e * H / (2 * tan(fov/2) * p)
```

`e` ಆ ವ್ಯತ್ಯಾಸ, `H` ಪರದೆಯ ಎತ್ತರ, `fov` ಕ್ಯಾಮೆರಾ ಮೇಲಿಂದ ಕೆಳಗೆ ನೋಡುವ ಕೋನ, `p` ಒಪ್ಪಬಹುದಾದ ಪಿಕ್ಸೆಲ್. 1080 ಎತ್ತರ, 60 ಡಿಗ್ರಿ ಇದ್ದರೆ `d` ಸುಮಾರು 935 × `e`. ಬಂಡೆಯ LOD1 2 ಸೆಂ.ಮೀ. ಸರಿದಿದ್ದರೆ ಸುಮಾರು 19 ಮೀಟರ್. LOD2 10 ಸೆಂ.ಮೀ. ಸರಿದಿದ್ದರೆ 94 ಮೀಟರ್. ತ್ರಿಕೋನಗಳನ್ನು ಸುಮ್ನೆ ಅರ್ಧರ್ಧ ಮಾಡುತ್ತಾ ಹೋಗುವುದಕ್ಕಿಂತ, ಹೀಗೆ ವ್ಯತ್ಯಾಸ ನೋಡಿ ಸರಪಳಿ ಕಟ್ಟೋದು ಎಷ್ಟೋ ವಾಸಿ.

ಆಟದಲ್ಲಿ ದುರ್ಬೀನು ಇದೆಯಾ? ಕೋನ 20 ಡಿಗ್ರಿಗೆ ಇಳಿದರೆ ಈ ದೂರಗಳು 3 ಪಟ್ಟಿಗಿಂತ ಜಾಸ್ತಿ ಆಗಬೇಕು. ಬರೀ ಮೀಟರ್ ಲೆಕ್ಕ ಎಡವೋದು ಇಲ್ಲೇ.

ಗಡಿಯಲ್ಲೇ ಆಟಗಾರ ಹಿಂದೆ ಮುಂದೆ ಓಡಾಡಿದರೆ ಮೆಶ್ ಮಿನುಗುತ್ತದೆ. ಅದಕ್ಕೆ LOD1ಗೆ ಹೋಗುವುದು 21 ಮೀಟರ್‌ನಲ್ಲಿ, LOD0ಗೆ ವಾಪಸ್ ಬರುವುದು 19ರಲ್ಲಿ ಅಂತ ಇಡಿ.

ಇಷ್ಟಾದರೂ ಜಿಗಿತ ಕಂಡರೆ ಕ್ಯಾಮೆರಾ ನಿಲ್ಲಿಸಿ, ಎರಡು ಎಲ್‌ಒಡಿಗಳನ್ನು ಕೈಯಾರೆ ಅದಲುಬದಲು ಮಾಡಿ. ಅಂಚು ಅಲ್ಲಾಡದೆ ನೆರಳು ಬೆಳಕು ಮಾತ್ರ ಬದಲಾದರೆ ತಪ್ಪು ದೂರದ್ದಲ್ಲ, ನಾರ್ಮಲ್‌ಗಳದ್ದು. ಮೂಲ ಮೆಶ್‌ನ ನಾರ್ಮಲ್‌ಗಳನ್ನು LOD1ಗೆ ವರ್ಗಾಯಿಸಿ. ಡಿದರ್ ಫೇಡ್ ಹಾಕೋದು ಕೊನೆಗೆ. ಫೇಡ್ ಆಗುವಷ್ಟು ಹೊತ್ತು ಎರಡೂ ಮೆಶ್ ಡ್ರಾ ಆಗುತ್ತವೆ, ಅಲ್ವಾ? ದಟ್ಟ ಕಾಡಿನಲ್ಲಿ ಆ ಖರ್ಚು ಬೇಗ ಏರುತ್ತದೆ.